ಹೇಳಿ ಕಳಿಸುತ್ತೇವೆ ಎಂದ ಮೇಲೆ

ಹೊಸಹಳ್ಳಿ ಮೆಟ್ರೋ ನಿಲ್ದಾಣದ ಸುತ್ತಮುತ್ತ, ಮಾಗಡಿ ರಸ್ತೆಯಿಂದ ವಿಜಯನಗರದವರೆಗೆ, ಸಣ್ಣ ಸಣ್ಣ ಕಚೇರಿಗಳು ಎಷ್ಟೋ ಇವೆ. ಆಡಿಟರ್ ಆಫೀಸು, ಖಾಸಗಿ ಶಾಲೆ, ನರ್ಸಿಂಗ್ ಹೋಮ್, ಕೋಚಿಂಗ್ ಸೆಂಟರ್, ಕಾಮಾಕ್ಷಿಪಾಳ್ಯದ ವರ್ಕ್‌ಶಾಪ್‌ಗಳ ಲೆಕ್ಕಪತ್ರ ನೋಡಿಕೊಳ್ಳುವ ಎರಡು ಕೋಣೆಯ ಆಫೀಸು. ಇಲ್ಲಿ ಹತ್ತೋ ಹದಿನೈದೋ ಜನ ಕೆಲಸ ಮಾಡುತ್ತಾರೆ. ಸಿಬ್ಬಂದಿ ವಿಭಾಗ ಅಂತ ಬೇರೆ ಇರುವುದಿಲ್ಲ. ಮಾಲೀಕರೇ ಸಂದರ್ಶನ ಮಾಡುತ್ತಾರೆ, ಜೊತೆಗೆ ಹಳೆಯ ಮ್ಯಾನೇಜರ್ ಒಬ್ಬರು ಕೂತಿರುತ್ತಾರೆ. ಸಂದರ್ಶನ ಮುಗಿಯುವುದು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ: "ಆಯ್ತಮ್ಮ, ಹೇಳಿ ಕಳಿಸ್ತೀವಿ."

ಆಯ್ಕೆಯಾದವರಿಗೆ ಫೋನ್ ಹೋಗುತ್ತದೆ. ಉಳಿದವರಿಗೆ ಯಾರೂ ಏನೂ ಹೇಳಿ ಕಳಿಸುವುದಿಲ್ಲ. ಇಂಥ ಸಂಸ್ಥೆಗಳಿಗೆ ಜನರನ್ನು ಆರಿಸಿಕೊಡುವ ಕೆಲಸದಲ್ಲಿರುವವಳು ನಾನು. ಆ ಉಳಿದವರಿಗೆ ಬರೆಯಬೇಕಾದ ಪತ್ರವನ್ನು ಕುರಿತು ಇವತ್ತು ಮಾತಾಡಬೇಕೆಂದಿದ್ದೇನೆ.

ಮಾತಿಗೆ ಹಿಡಿತ ಸಿಗಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಯಾರೊಬ್ಬರ ಕಥೆಯೂ ಅಲ್ಲ, ಹಲವು ಕಡೆ ಕಂಡದ್ದನ್ನು ಕೂಡಿಸಿ ಕಟ್ಟಿದ್ದು. ಯಂತ್ರದ ಬಿಡಿಭಾಗ ತಯಾರಿಸುವ ಒಂದು ಸಣ್ಣ ಘಟಕಕ್ಕೆ ಅಕೌಂಟ್ಸ್ ಅಸಿಸ್ಟೆಂಟ್ ಬೇಕು. ಸೋಮವಾರ ಸಂದರ್ಶನ. ಕೊನೆಗೆ ಇಬ್ಬರು ಉಳಿಯುತ್ತಾರೆ. ಒಬ್ಬರು ನಾಲ್ಕು ವರ್ಷ ಅನುಭವದ ಯುವಕ, ಜಿಎಸ್‌ಟಿ ರಿಟರ್ನ್‌ಗಳನ್ನು ತಾವೇ ಸಲ್ಲಿಸುತ್ತಾ ಬಂದವರು. ಇನ್ನೊಬ್ಬರು ಮದ್ದೂರಿನ ಹುಡುಗಿ, ಬಿ.ಕಾಂ. ಮುಗಿಸಿ ಎರಡು ವರ್ಷ ಕೆಲಸ ಮಾಡಿದ್ದಾರೆ. ಟ್ಯಾಲಿಯಲ್ಲಿ ಕೈ ಬಹಳ ಚುರುಕು. ಆದರೆ ಅವರು ಹಿಂದೆ ಇದ್ದ ಕಡೆ ರಿಟರ್ನ್ ಕೆಲಸವನ್ನೆಲ್ಲ ಹೊರಗಿನ ಆಡಿಟರ್ ಮಾಡುತ್ತಿದ್ದರು. ಬುಧವಾರದ ಹೊತ್ತಿಗೆ ಮಾಲೀಕರು ಯುವಕನನ್ನು ಆರಿಸುತ್ತಾರೆ. ಆತ ಒಪ್ಪಿ, ಈಗಿನ ಕೆಲಸದಿಂದ ಬಿಡುಗಡೆಯಾಗಲು ಒಂದು ತಿಂಗಳು ಬೇಕು ಎನ್ನುತ್ತಾನೆ.

ಹುಡುಗಿಗೆ ಯಾವಾಗ, ಏನು ಹೇಳಬೇಕು? ಹೆಚ್ಚಿನ ಕಡೆ ಎಡವುವುದು ಇಲ್ಲಿಯೇ. ಮಾಲೀಕರು ಸುಮ್ಮನಿರುವುದಕ್ಕೆ ಕಲ್ಲು ಮನಸ್ಸು ಕಾರಣವಲ್ಲ. ಯುವಕ ಕೊನೆ ಗಳಿಗೆಯಲ್ಲಿ ಕೈಕೊಟ್ಟರೆ ಹುಡುಗಿಯನ್ನು ಕರೆಯಬಹುದು ಎಂಬ ಲೆಕ್ಕಾಚಾರ ಕಾರಣ. ಬೆಂಗಳೂರಿನಲ್ಲಿ ಈ ಭಯ ಸುಳ್ಳೂ ಅಲ್ಲ. ಐಟಿ ಕಂಪನಿಗಳಲ್ಲಿ ಮೂರು ತಿಂಗಳ ನೋಟಿಸ್ ಅವಧಿ ಮಾಮೂಲು. ಆ ಮೂರು ತಿಂಗಳಲ್ಲಿ ಇನ್ನೊಂದು ಕಡೆ ಹೆಚ್ಚು ಸಂಬಳಕ್ಕೆ ಒಪ್ಪಿಕೊಂಡು ಬಾರದೇ ಉಳಿಯುವವರು ಇದ್ದೇ ಇದ್ದಾರೆ. ಅದರ ನೆರಳು ಸಣ್ಣ ಸಂಸ್ಥೆಗಳ ಮೇಲೂ ಬಿದ್ದಿದೆ. ಹೀಗಾಗಿ ಎರಡನೆಯವರನ್ನು ಏನೂ ಹೇಳದೆ ಕಾಯಿಸುವುದು ಅಭ್ಯಾಸವಾಗಿದೆ.

ಆದರೆ ಆ ಭಯದ ಬೆಲೆಯನ್ನು ಕಟ್ಟುತ್ತಿರುವವರು ಯಾರು ನೋಡಿ. ಆ ಹುಡುಗಿ ಇಲ್ಲಿ ಪಿ.ಜಿ.ಯಲ್ಲಿ ಇದ್ದಾರೆ. ತಿಂಗಳು ತುಂಬಿದರೆ ಬಾಡಿಗೆ ಕೊಡಬೇಕು. ಬಸವೇಶ್ವರನಗರದಲ್ಲಿ ಸ್ವಲ್ಪ ಕಡಿಮೆ ಸಂಬಳದ ಕೆಲಸವೊಂದು ಸಿಕ್ಕಿದೆ, ಅಲ್ಲಿಯವರು ಶನಿವಾರದೊಳಗೆ ಉತ್ತರ ಕೇಳಿದ್ದಾರೆ. ಹೊಸಹಳ್ಳಿಯ ಸಂದರ್ಶನ ಚೆನ್ನಾಗಿ ಆಗಿತ್ತಲ್ಲ, ಇನ್ನೆರಡು ದಿನ ನೋಡೋಣ ಎಂದು ಕಾಯುತ್ತಾರೆ. ಅಲ್ಲಿಯದೂ ಕೈತಪ್ಪುತ್ತದೆ. ಕೆಲಸ ಕೊಡದಿರುವುದಕ್ಕೆ ಮಾಲೀಕರಿಗೆ ಪೂರ್ಣ ಹಕ್ಕಿದೆ. ಆಕೆಯ ಶನಿವಾರವನ್ನು ಕಿತ್ತುಕೊಳ್ಳುವ ಹಕ್ಕು ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ದಾರಿ ಇದೆ. ಎರಡನೆಯವರನ್ನು ನಿಜವಾಗಿಯೂ ಕಾಯಿಸಬೇಕಾಗಿದ್ದರೆ ಅದನ್ನೇ ಬರೆದು ತಿಳಿಸಿ, ಒಂದು ತಾರೀಖು ಕೊಡಿ. "ಈ ಕೆಲಸವನ್ನು ಮೊದಲು ಬೇರೊಬ್ಬರಿಗೆ ಕೊಟ್ಟಿದ್ದೇವೆ. ಅವರ ಲಿಖಿತ ಒಪ್ಪಿಗೆ ಇದೇ 14ರೊಳಗೆ ಬರಬೇಕು. ಬಾರದಿದ್ದರೆ ಮುಂದಿನ ಅವಕಾಶ ನಿಮ್ಮದು. ಏನೇ ಆದರೂ 15ನೇ ತಾರೀಖು ನಿಮಗೆ ತಿಳಿಸುತ್ತೇವೆ. ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕರೆ ಧಾರಾಳವಾಗಿ ಒಪ್ಪಿಕೊಳ್ಳಿ." ಇಷ್ಟು ಸಾಕು. ಇಲ್ಲಿ ಕಾಯುವ ಗಡಿ ಯಾವುದು ಎಂಬುದನ್ನು ಗಮನಿಸಿ. ಆಯ್ಕೆಯಾದವನು ಆಫರ್ ಪತ್ರಕ್ಕೆ ಸಹಿ ಹಾಕಿ ಕೊಡುವ ದಿನ ಅದು. ಆತ ಬಂದು ಕುರ್ಚಿಯಲ್ಲಿ ಕೂರುವ ದಿನದವರೆಗೆ ಎಳೆದರೆ ತಿಂಗಳುಗಟ್ಟಲೆ ಆಗುತ್ತದೆ, ಅಷ್ಟು ದಿನ ಇನ್ನೊಬ್ಬರನ್ನು ಕಾಯಿಸುವಂತಿಲ್ಲ. ಸಹಿ ಬಿದ್ದ ದಿನವೇ ಇನ್ನೊಂದು ಪತ್ರ ಹೋಗಬೇಕು.

ಆ ಪತ್ರವನ್ನು ಪೂರ್ತಿಯಾಗಿ ಓದುತ್ತೇನೆ.

"ನಮಸ್ಕಾರ. ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ನಾವು ಬೇರೊಬ್ಬರನ್ನು ಆರಿಸಿದ್ದೇವೆ. ಹಾಗಾಗಿ ಈ ಕೆಲಸವನ್ನು ನಿಮಗೆ ಕೊಡಲು ಆಗುತ್ತಿಲ್ಲ.

"ನೀವು ಸೋಮವಾರ ಬಂದು ನಮ್ಮೊಡನೆ ಒಂದು ಗಂಟೆ ಕೂತಿರಿ, ಟ್ಯಾಲಿಯಲ್ಲಿ ಕೊಟ್ಟ ಲೆಕ್ಕವನ್ನು ಮಾಡಿ ತೋರಿಸಿದಿರಿ. ಬ್ಯಾಂಕ್ ಲೆಕ್ಕ ತಾಳೆ ನೋಡುವಾಗ ನಾವು ಬೇಕೆಂದೇ ಬಿಟ್ಟಿದ್ದ ತಪ್ಪನ್ನು ನೀವು ಹಿಡಿದಿರಿ. ಈ ಕೆಲಸಕ್ಕೆ ಮೊದಲ ತಿಂಗಳಿನಿಂದಲೇ ಜಿಎಸ್‌ಟಿ ರಿಟರ್ನ್‌ಗಳನ್ನು ಒಬ್ಬರೇ ಸಲ್ಲಿಸಬಲ್ಲವರು ಬೇಕಿತ್ತು. ಆ ಅನುಭವ ಇದ್ದವರನ್ನು ತೆಗೆದುಕೊಂಡೆವು.

"ನೀವು ಕೊಟ್ಟಿದ್ದ ಆಧಾರ್ ಮತ್ತು ಅಂಕಪಟ್ಟಿಗಳ ಜೆರಾಕ್ಸ್ ಪ್ರತಿಗಳನ್ನು ಹರಿದು ಹಾಕಿದ್ದೇವೆ. ಈ ಕೆಲಸದ ಆಯ್ಕೆ ಮುಗಿದಿದೆ, ನಮ್ಮ ಕರೆಗಾಗಿ ನೀವು ಕಾಯಬೇಕಿಲ್ಲ. ಏನಾದರೂ ಕೇಳುವುದಿದ್ದರೆ ಶುಕ್ರವಾರ ಸಂಜೆ 4ರಿಂದ 5ರವರೆಗೆ ನನಗೆ ಫೋನ್ ಮಾಡಬಹುದು. ಬಂದು ಹೋದದ್ದಕ್ಕೆ ನಮ್ಮ ಕೃತಜ್ಞತೆಗಳು."

ಕೆಳಗೆ ಮಾಲೀಕರ ಹೆಸರು, ಫೋನ್ ನಂಬರ್. ಅಷ್ಟೆ.

ಮೊದಲ ಸಾಲಿನಲ್ಲೇ ಇಲ್ಲ ಎಂದುಬಿಟ್ಟರೆ ಒರಟಾಗುವುದಿಲ್ಲವೇ ಎಂದು ನನ್ನನ್ನು ಬಹಳ ಜನ ಕೇಳುತ್ತಾರೆ. ವ್ಯವಹಾರ ಪತ್ರ ಕಲಿಸುವ ಪುಸ್ತಕಗಳು ಬಹು ಕಾಲ ಬೇರೆಯದನ್ನೇ ಹೇಳುತ್ತಿದ್ದವು. ಕೆಟ್ಟ ಸುದ್ದಿಗೆ ಮುಂಚೆ ಒಂದು ಮೆತ್ತನೆಯ ಪ್ಯಾರಾ ಇರಲಿ, ಸಂಸ್ಥೆಯ ಬಗ್ಗೆ, ಬಂದ ಅರ್ಜಿಗಳ ಬಗ್ಗೆ, ಅಭ್ಯರ್ಥಿಗಳ ಗುಣಮಟ್ಟದ ಬಗ್ಗೆ ಎರಡು ಮಾತು ಬರಲಿ, ಆಮೇಲೆ ವಿಷಯ ಬರಲಿ ಎಂಬುದು ಪಾಠ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕಿಟ್ಟಿ ಲಾಕರ್ ಎಂಬ ಅಧ್ಯಾಪಕಿ ಇದನ್ನು ಓದುಗರ ಮೇಲೆ ಪ್ರಯೋಗ ಮಾಡಿಯೇ ನೋಡಿದರು. 1999ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದೇನೆಂದರೆ, ಮುಂದೆ ಸೇರಿಸಿದ ಮೆತ್ತನೆಯ ಮಾತಿನಿಂದ ಓದುವವರಿಗೆ ಅಂಥ ಸಮಾಧಾನವೇನೂ ಸಿಗಲಿಲ್ಲ. ಕೊನೆಯಲ್ಲಿ ಸಂಸ್ಥೆಯನ್ನು ಹೊಗಳಿಕೊಂಡು, ಮುಂದೆಯೂ ನಮ್ಮೊಡನೆ ಸಂಬಂಧ ಇರಲಿ ಎಂದು ಜೋರಾಗಿ ಮುಗಿಸಿದಾಗಲಂತೂ ಅವರಿಗೆ ಇನ್ನಷ್ಟು ಬೇಸರವಾಗಿತ್ತು. ಓದುವವರನ್ನು ನೆನೆಸಿಕೊಂಡರೆ ಇದು ಸಹಜ ಅನ್ನಿಸುತ್ತದೆ. ಸಂದೇಶ ಬಂದಾಗ ಆಕೆ ಮೆಟ್ರೋದಲ್ಲಿ ನಿಂತಿರಬಹುದು. ಮೊಬೈಲಿನ ಪರದೆಯಲ್ಲಿ ಮೊದಲು ಕಾಣುವುದು ಎರಡೇ ಸಾಲು. ಆ ಎರಡು ಸಾಲಿನಲ್ಲಿ "ನಿಮ್ಮಂಥ ಪ್ರತಿಭಾವಂತರನ್ನು ಭೇಟಿಯಾದದ್ದು ನಮಗೆ ಹೆಮ್ಮೆ" ಎಂದಿದ್ದರೆ ಅವರು ಕೆಲಸ ಸಿಕ್ಕಿತೆಂದೇ ತಿಳಿಯುತ್ತಾರೆ, ಬೆರಳು ಮೇಲೆ ಸರಿಸಿದ ಕೂಡಲೇ ಕುಸಿಯುತ್ತಾರೆ. ನಾವು ಎರಡು ಸಲ ನೋಯಿಸಿದ ಹಾಗಾಯಿತು.

ಮೆಚ್ಚುಗೆಯ ಮಾತು ಬೇಡವೆಂದಲ್ಲ. ಅದು ನಿರ್ಧಾರದ ಬಳಿಕ ಬರಲಿ, ಮತ್ತು ಆಕೆ ಮಾಡಿದ ಕೆಲಸದ ಬಗ್ಗೆಯೇ ಇರಲಿ. ಬ್ಯಾಂಕ್ ಲೆಕ್ಕದ ತಪ್ಪನ್ನು ಹಿಡಿದಿರಿ ಎಂಬುದು ಆಕೆಯೊಬ್ಬರಿಗೇ ಬರೆಯಬಹುದಾದ ವಾಕ್ಯ. ಅದನ್ನು ಓದಿದಾಗ ಇವರು ನನ್ನನ್ನು ನಿಜವಾಗಿ ಗಮನಿಸಿದ್ದರು ಎಂದು ತಿಳಿಯುತ್ತದೆ. ಆದರೆ ಒಂದೇ ವಾಕ್ಯ ಸಾಕು. ನಾಲ್ಕು ವಾಕ್ಯ ಹೊಗಳಿದರೆ, ಇಷ್ಟೆಲ್ಲ ಇದ್ದೂ ನನಗೇಕೆ ಇಲ್ಲ ಎಂಬ ಪ್ರಶ್ನೆಯನ್ನು ನಾವೇ ಎಬ್ಬಿಸಿದಂತೆ.

ಕಾರಣದ ವಿಷಯವೇ ಎಲ್ಲಕ್ಕಿಂತ ಸೂಕ್ಷ್ಮ. ಇದರಲ್ಲಿ ನನ್ನ ಮಟ್ಟಿಗೆ ಮೂರು ಪರೀಕ್ಷೆ ಇವೆ. ಕಾರಣ ನಿಜವಾಗಿರಬೇಕು, ಕೆಲಸಕ್ಕೆ ಸೇರಿದ್ದಾಗಿರಬೇಕು, ನಾಳೆ ಯಾರಾದರೂ ಬಂದು ನೋಡಿದರೂ ನಿಲ್ಲುವಂತಿರಬೇಕು. ನಮ್ಮ ಉದಾಹರಣೆಯಲ್ಲಿ ಕೊಟ್ಟ ಕಾರಣ ಮೂರನ್ನೂ ದಾಟುತ್ತದೆ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ಘಟಕ ಜಿಎಸ್‌ಟಿಆರ್-1 ಅನ್ನು 11ನೇ ತಾರೀಖಿನೊಳಗೆ, ಜಿಎಸ್‌ಟಿಆರ್-3ಬಿಯನ್ನು 20ನೇ ತಾರೀಖಿನೊಳಗೆ ಸಲ್ಲಿಸಬೇಕು. ಮೊದಲನೆಯದು ತಡವಾದರೆ ಸರಕು ಕೊಂಡ ಗಿರಾಕಿಗೆ ಆ ತಿಂಗಳ ತೆರಿಗೆ ಕ್ರೆಡಿಟ್ ಕಾಣಿಸುವುದಿಲ್ಲ, ಅವರು ಫೋನ್ ಮಾಡಿ ಬೈಯುತ್ತಾರೆ, ಕೆಲವೊಮ್ಮೆ ಬಿಲ್ ಹಣವನ್ನೇ ತಡೆಹಿಡಿಯುತ್ತಾರೆ. ಹೊಸಬರಿಗೆ ಕಲಿಸಲು ಆ ಕಚೇರಿಯಲ್ಲಿ ಇನ್ನೊಬ್ಬರಿಲ್ಲ. ಹಾಗಾಗಿ ಅನುಭವ ಬೇಕು ಎಂಬುದು ನೆಪವಲ್ಲ, ಅಗತ್ಯ. ಹುಡುಗಿಗೂ ಇದರಿಂದ ಮುಂದಿನ ದಾರಿ ಗೊತ್ತಾಗುತ್ತದೆ. ಮುಂದಿನ ಕೆಲಸದಲ್ಲಿ ರಿಟರ್ನ್ ಸಲ್ಲಿಸುವುದನ್ನು ಕಲಿಯಲು ಅವಕಾಶ ಇದೆಯೇ ಎಂದು ಅವರು ಕೇಳಿ ಸೇರಬಹುದು.

ಇದೇ ಕಾರಣ ಬರೆದು, ತಿಂಗಳ ಮೇಲೆ ಅದೇ ಕುರ್ಚಿಯಲ್ಲಿ ರಿಟರ್ನ್ ಎಂದರೇನೆಂದೇ ತಿಳಿಯದ ನೆಂಟರ ಹುಡುಗನನ್ನು ಕೂರಿಸಿದರೆ? ಮಾಗಡಿ ರಸ್ತೆಯಲ್ಲಿ ಸುದ್ದಿ ಮುಚ್ಚಿಡಲು ಆಗುವುದಿಲ್ಲ. ಒಬ್ಬರ ಆಡಿಟರ್ ಇನ್ನೊಬ್ಬರಿಗೂ ಆಡಿಟರ್. ಸುಳ್ಳು ಕಾರಣ ಬರೆಯುವುದಕ್ಕಿಂತ ಕಾರಣವನ್ನೇ ಬರೆಯದಿರುವುದು ಲೇಸು.

ವ್ಯಕ್ತಿಯ ಮೇಲೆ ತೀರ್ಪು ಕೊಡುವ ಮಾತುಗಳನ್ನೂ ಬಿಡಬೇಕು. ಆತ್ಮವಿಶ್ವಾಸ ಸಾಲದು, ಮಾತು ಸರಿಯಿಲ್ಲ, ನಮ್ಮ ವಾತಾವರಣಕ್ಕೆ ಹೊಂದುವುದಿಲ್ಲ ಎಂಬಂಥವು. ಒಂದು ಗಂಟೆಯ ಭೇಟಿಯಲ್ಲಿ ಇಂಥ ತೀರ್ಪು ಕೊಡುವಷ್ಟು ನಾವು ಯಾರನ್ನೂ ತಿಳಿದಿರುವುದಿಲ್ಲ. ಇಂಗ್ಲಿಷಿನಲ್ಲಿ ತಡವರಿಸಿದರು ಎಂಬುದು ವಿದೇಶಿ ಗಿರಾಕಿಗಳೊಡನೆ ಮಾತಾಡುವ ಕೆಲಸಕ್ಕೆ ಕಾರಣವಾದೀತು. ಲೆಕ್ಕ ಬರೆಯುವ ಕೆಲಸಕ್ಕೆ ಆಗದು.

ಇನ್ನು, ನಿಜವಾದ ಕಾರಣವನ್ನು ಬರೆಯಲಿಕ್ಕೇ ಆಗದ ಸಂದರ್ಭವೂ ಬರುತ್ತದೆ. "ಮದುವೆ ಗೊತ್ತಾಗಿದೆಯಂತೆ, ಆರು ತಿಂಗಳಲ್ಲಿ ಬಿಟ್ಟು ಹೋಗ್ತಾಳೆ" ಎಂದು ಮಾಲೀಕರು ಹುಡುಗಿಯನ್ನು ಬಿಟ್ಟಿದ್ದರೆ ಪತ್ರಕ್ಕೆ ಎಷ್ಟು ನಯವಾದ ಭಾಷೆ ಹುಡುಕಿದರೂ ಪ್ರಯೋಜನವಿಲ್ಲ. ನೇಮಕಾತಿಯಲ್ಲಿ ಹೆಣ್ಣು ಗಂಡು ಎಂಬ ಭೇದ ಮಾಡಬಾರದೆಂದು 1976ರ ಸಮಾನ ಸಂಭಾವನೆ ಕಾಯ್ದೆಯಲ್ಲೇ ಇತ್ತು. ಈಗ ಅದರ ಜಾಗದಲ್ಲಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಪತ್ರ ಬರೆಯಲು ಕೂತು ಕಾರಣದ ಸಾಲಿಗೆ ಬಂದಾಗ ಕೈ ತಡೆದರೆ, ತಿದ್ದಬೇಕಾದದ್ದು ಆ ಸಾಲನ್ನಲ್ಲ, ನಿರ್ಧಾರವನ್ನು. ಪೆನ್ನು ಕೆಳಗಿಟ್ಟು ಮಾಲೀಕರ ಕೋಣೆಗೆ ಹೋಗಿ ಮತ್ತೊಮ್ಮೆ ಮಾತಾಡಿ ಎಂದು ನಾನು ಮ್ಯಾನೇಜರ್‌ಗಳಿಗೆ ಹೇಳುತ್ತೇನೆ.

ಕಾರಣ ಕೊಡದೆಯೂ ಗೌರವದಿಂದ ಇಲ್ಲ ಎನ್ನಬಹುದು. ಅದಕ್ಕೊಂದು ಮಾದರಿ ನಮ್ಮ ಊರಿನಲ್ಲೇ ಇದೆ. ಕಬ್ಬನ್ ರಸ್ತೆಯಲ್ಲಿ ಸೇನೆಯ ಆಯ್ಕೆ ಕೇಂದ್ರವಿದೆ, ಅಧಿಕಾರಿಗಳಾಗಬಯಸುವ ಯುವಜನರು ದೂರ ದೂರದಿಂದ ಅಲ್ಲಿಗೆ ಬರುತ್ತಾರೆ. ಮೊದಲ ದಿನದ ಪರೀಕ್ಷೆಯಲ್ಲಿ ಉಳಿಯದವರಿಗೆ ಅದೇ ದಿನ ಹೇಳಿ ಕಳಿಸಿಬಿಡುತ್ತಾರೆ. ಉಳಿದವರಿಗೆ ಮುಂದಿನ ದಿನಗಳ ಪರೀಕ್ಷೆಗಳೆಲ್ಲ ಮುಗಿದು, ಕೊನೆಯ ದಿನ ಮಂಡಳಿಯ ಮುಂದೆ ಕೂತು ಎದ್ದ ಮೇಲೆ ಅಲ್ಲೇ ಫಲಿತಾಂಶ ಓದುತ್ತಾರೆ. ಒಬ್ಬೊಬ್ಬರಿಗೂ ಕಾರಣ ವಿವರಿಸುವುದಿಲ್ಲ. ಆದರೂ ಆಯ್ಕೆಯಾಗದವರು ರೈಲು ಹತ್ತುವಾಗ ಅವರ ಮನಸ್ಸಿನಲ್ಲಿ ಅನುಮಾನ ಉಳಿದಿರುವುದಿಲ್ಲ. ಅಬ್ದುಲ್ ಕಲಾಂ ಅವರು ಡೆಹ್ರಾಡೂನಿನಲ್ಲಿ ವಾಯುಪಡೆಯ ಆಯ್ಕೆಗೆ ಹೋದಾಗ 25 ಜನರಲ್ಲಿ ಒಂಬತ್ತನೆಯವರಾದರು, ತೆಗೆದುಕೊಂಡದ್ದು ಎಂಟು ಜನರನ್ನು. ಅವರಿಗೆ ಆ ನೋವು ಆಳವಾಗಿಯೇ ಆಯಿತು. ಆದರೆ ಉತ್ತರ ಅಲ್ಲೇ ಸಿಕ್ಕಿದ್ದರಿಂದ ದೆಹಲಿಯ ಇನ್ನೊಂದು ಸಂದರ್ಶನದ ಫಲಿತಾಂಶ ಕೇಳಲು ಹೋದರು, ಅಲ್ಲಿ ನೇಮಕದ ಪತ್ರ ಸಿಕ್ಕಿತು.

ನಮ್ಮ ದೇಶದಲ್ಲಿ ಖಾಸಗಿ ಸಂಸ್ಥೆಗಳು ಸಂದರ್ಶನಕ್ಕೆ ಬಂದವರಿಗೆ ಫಲಿತಾಂಶ ತಿಳಿಸಲೇಬೇಕು ಎಂಬ ಕಾನೂನಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ 2026ರ ಜನವರಿ 1ರಿಂದ ಅಂಥ ನಿಯಮ ಬಂದಿದೆ. 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ, ಕೊನೆಯ ಸಂದರ್ಶನವಾದ 45 ದಿನಗಳೊಳಗೆ ನೇಮಕದ ತೀರ್ಮಾನವಾಯಿತೋ ಇಲ್ಲವೋ ಎಂದು ಅಭ್ಯರ್ಥಿಗೆ ತಿಳಿಸಬೇಕು. ಹೊಸಹಳ್ಳಿಯ ಹದಿನೈದು ಜನರ ಕಚೇರಿಗೆ 45 ದಿನ ಬಹಳವಾಯಿತು. ಇಲ್ಲಿ ಐದಾರು ಜನರನ್ನು ಕರೆದು ಮಾತಾಡಿಸಿರುತ್ತೇವೆ. ಐದು ಪತ್ರಕ್ಕೆ ಅರ್ಧ ದಿನ ಸಾಕು.

ಆ ಐದನ್ನೂ ಬೇರೆ ಬೇರೆಯಾಗಿಯೇ ಕಳಿಸಬೇಕು. ಎಲ್ಲರ ಇಮೇಲ್ ವಿಳಾಸವನ್ನು ಒಂದೇ ಸಾಲಿಗೆ ತುಂಬಿ ಕಳಿಸಿದರೆ ಯಾರ‍್ಯಾರು ಆಯ್ಕೆಯಾಗಲಿಲ್ಲ ಎಂಬುದು ಪರಸ್ಪರ ಗೊತ್ತಾಗಿಬಿಡುತ್ತದೆ. ಅವರಲ್ಲಿ ಒಬ್ಬರ ಈಗಿನ ಬಾಸ್‌ಗೆ ಅವರು ಬೇರೆ ಕೆಲಸ ಹುಡುಕುತ್ತಿರುವುದು ತಿಳಿದಿರಲಿಕ್ಕಿಲ್ಲ, ನಮ್ಮಿಂದ ಸುದ್ದಿ ಮುಟ್ಟುವುದು ಬೇಡ. ವಾಟ್ಸಾಪ್‌ನಲ್ಲಿ ಕಳಿಸಬಹುದೇ? ಇಲ್ಲಿ ಅಭ್ಯರ್ಥಿಗಳನ್ನು ಸಂದರ್ಶನಕ್ಕೆ ಕರೆದದ್ದೇ ವಾಟ್ಸಾಪ್‌ನಲ್ಲಿ ಆಗಿದ್ದರೆ ಉತ್ತರವೂ ಅಲ್ಲೇ ಹೋಗಲಿ, ಆದರೆ ಪೂರ್ತಿ ಪತ್ರವಾಗಿ ಹೋಗಲಿ, ಕೆಲಸದ ವೇಳೆಯಲ್ಲಿ ಹೋಗಲಿ. ಫೋನಿಗಿಂತ ಬರಹವೇ ಮೊದಲು ಇರಲಿ ಎಂಬುದು ನನ್ನ ಮತ. ಫೋನ್ ರಿಂಗಾದ ಕೂಡಲೇ ಆಸೆ ಹುಟ್ಟುತ್ತದೆ, ಆಮೇಲೆ ಆ ಕ್ಷಣದಲ್ಲೇ ಸಭ್ಯವಾಗಿ "ಪರವಾಗಿಲ್ಲ ಸಾರ್" ಎನ್ನಬೇಕಾದ ಕಷ್ಟವೂ ಅವರದೇ ಆಗುತ್ತದೆ.

ನಮ್ಮ ಕಡೆಯ ಇನ್ನೊಂದು ಮಾತು ಹೇಳಲೇಬೇಕು. ಅರ್ಜಿ ಬರುವುದು ಎಷ್ಟೋ ಸಲ ಪರಿಚಯದವರ ಮೂಲಕ. ನಮ್ಮಣ್ಣನ ಮಗಳು ಸಾರ್, ಸ್ವಲ್ಪ ನೋಡಿ ಎಂದು ಯಾರೋ ಗಿರಾಕಿ ಹೇಳಿರುತ್ತಾರೆ. ಆಗ ಮಾಲೀಕರು ಮುಜುಗರದಿಂದ ಆ ಚಿಕ್ಕಪ್ಪನಿಗೆ ಫೋನ್ ಮಾಡಿ, "ಹುಡುಗಿ ಒಳ್ಳೇವ್ಳು, ಆದ್ರೆ..." ಎಂದು ಶುರುಮಾಡುತ್ತಾರೆ. ಚಿಕ್ಕಪ್ಪ ಮನೆಗೆ ಹೋಗಿ ಊಟದ ಹೊತ್ತಿನಲ್ಲಿ ಎಲ್ಲರ ಎದುರು ಹೇಳುತ್ತಾರೆ. ಸಂದರ್ಶನಕ್ಕೆ ಕೂತವರು ಆ ಹುಡುಗಿ. ಉತ್ತರ ಮೊದಲು ಅವರಿಗೇ ಸಲ್ಲಬೇಕು. ಶಿಫಾರಸು ಮಾಡಿದವರಿಗೆ ಮಾರನೆಯ ದಿನ, "ನಮ್ಮ ನಿರ್ಧಾರವನ್ನು ಅವರಿಗೇ ತಿಳಿಸಿದ್ದೇವೆ" ಎಂದರೆ ಸಾಕು. ಕಾರಣವನ್ನು ಅವರ ಮುಂದೆ ಬಿಚ್ಚಬೇಕಾಗಿಲ್ಲ.

ಪತ್ರದಿಂದ ವಿಷಯ ಮುಗಿಯಬೇಕಾದರೆ ಅರ್ಧ ತೆರೆದ ಬಾಗಿಲುಗಳನ್ನು ಅದರೊಳಗೆ ಬಿಡಬಾರದು. "ಸದ್ಯಕ್ಕೆ ಆಗುತ್ತಿಲ್ಲ" ಎಂದರೆ ಮುಂದಿನ ತಿಂಗಳು ಆಗಬಹುದು ಎಂದು ಓದುವವರು ಅಂದುಕೊಳ್ಳುವುದರಲ್ಲಿ ತಪ್ಪೇನಿದೆ? "ನಿಮ್ಮ ಅರ್ಜಿಯನ್ನು ಕಡತದಲ್ಲಿ ಇಟ್ಟುಕೊಂಡಿರುತ್ತೇವೆ" ಎಂಬ ವಾಕ್ಯವೂ ಹಾಗೆಯೇ. ಆ ಕಡತವನ್ನು ಯಾರಾದರೂ ತೆಗೆದು ನೋಡುತ್ತಾರೆಯೇ ಎಂದು ಕೇಳಿಕೊಂಡು, ಇಲ್ಲವೆಂದಾದರೆ ಹೊಡೆದು ಹಾಕಿ. ಅರ್ಜಿಯ ಜೊತೆ ಬಂದ ಆಧಾರ್, ಪ್ಯಾನ್, ಅಂಕಪಟ್ಟಿಗಳ ಪ್ರತಿಗಳು ಡ್ರಾಯರಿನಲ್ಲಿ, ಮ್ಯಾನೇಜರ್ ಮೊಬೈಲಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವೆ. ಯಾವ ಉದ್ದೇಶಕ್ಕೆ ಮಾಹಿತಿ ಪಡೆದಿದ್ದೆವೋ ಅದು ಮುಗಿದ ಮೇಲೆ ಅಳಿಸಬೇಕೆಂಬುದು ವೈಯಕ್ತಿಕ ದತ್ತಾಂಶವನ್ನು ಕುರಿತ 2023ರ ಕಾಯ್ದೆಯ ತತ್ವ ಕೂಡ. ಮೂಲ ಅಂಕಪಟ್ಟಿ ತೆಗೆದುಕೊಂಡಿದ್ದರೆ, ಅದನ್ನು ತೆಗೆದುಕೊಳ್ಳಲೇಬಾರದಿತ್ತು, ಪತ್ರ ಹೋಗುವ ದಿನವೇ ಕೈಗೆ ಕೊಟ್ಟು ಕಳಿಸಿ.

ಪತ್ರ ಮುಟ್ಟಿದ ಮೇಲೆ ಕೆಲವರು ಉತ್ತರ ಬರೆಯುತ್ತಾರೆ. "ಸಾರ್, ರಿಟರ್ನ್ ಕೆಲಸವನ್ನು ಹದಿನೈದು ದಿನದಲ್ಲಿ ಕಲಿಯುತ್ತೇನೆ, ಇನ್ನೊಂದು ಅವಕಾಶ ಕೊಡಿ" ಎಂದು. ಇದಕ್ಕೆ ಉತ್ತರಿಸದೆ ಇರಬೇಡಿ, ವಾದಕ್ಕೂ ಇಳಿಯಬೇಡಿ. ಒಂದೇ ಸಲ ಬರೆಯಿರಿ: "ನಿಮ್ಮ ಉತ್ಸಾಹ ಅರ್ಥವಾಯಿತು. ಆಯ್ಕೆಯಾದವರು ಈಗಾಗಲೇ ಒಪ್ಪಿ ಸಹಿ ಹಾಕಿದ್ದಾರೆ, ಆದ್ದರಿಂದ ನಿರ್ಧಾರ ಬದಲಾಗುವುದಿಲ್ಲ." ಹೊಸ ಕಾರಣ ಸೇರಿಸಿದರೆ ಹೊಸ ಚರ್ಚೆ ಹುಟ್ಟುತ್ತದೆ. ಫೋನ್ ಮಾಡಿದವರು ನಾನು ಇನ್ನೇನು ಕಲಿಯಬೇಕು ಎಂದು ಕೇಳಿದರೆ ಮಾತ್ರ ಹತ್ತು ನಿಮಿಷ ಬಿಡುವು ಮಾಡಿಕೊಂಡು ಹೇಳಿ. ಶುಕ್ರವಾರ 4ರಿಂದ 5ರವರೆಗೆ ಎಂದು ಬರೆದಿದ್ದರೆ ಆ ಹೊತ್ತಿನಲ್ಲಿ ಫೋನ್ ಎತ್ತಲೇಬೇಕು.

ಕೊನೆಗೊಂದು ಪ್ರಶ್ನೆ ಉಳಿಯುತ್ತದೆ. ಮಾಲೀಕರು ಇದನ್ನೇ ಮತ್ತೆ ಮತ್ತೆ ಕೇಳುತ್ತಾರೆ: ಹೀಗೆ ಬಾಗಿಲು ಮುಚ್ಚಿದ ಮೇಲೆ, ಸಹಿ ಹಾಕಿದವನೇ ಬರಲಿಲ್ಲ ಅಂದರೆ ಏನು ಮಾಡುವುದು? ಆಗ ಹುಡುಗಿಗೆ ನೀವೇ ಫೋನ್ ಮಾಡಿ, ನಡೆದದ್ದನ್ನು ಇದ್ದ ಹಾಗೆ ಹೇಳಿ. "ನಾವು ಆರಿಸಿದವರು ಬರುತ್ತಿಲ್ಲ. ಎರಡನೆಯವರಾಗಿ ನಮ್ಮ ಮನಸ್ಸಿನಲ್ಲಿದ್ದವರು ನೀವು. ರಿಟರ್ನ್ ಕೆಲಸಕ್ಕೆ ಮೊದಲ ಮೂರು ತಿಂಗಳು ಆಡಿಟರ್ ಆಫೀಸಿನವರು ಜೊತೆಗಿರುವಂತೆ ಏರ್ಪಾಡು ಮಾಡುತ್ತೇವೆ. ನಿಮಗೆ ಈಗಲೂ ಮನಸ್ಸಿದೆಯೇ?" ಯೋಚಿಸಲು ಎರಡು ದಿನ ಕೊಡಿ. ಅಷ್ಟರಲ್ಲಿ ಅವರು ಬಸವೇಶ್ವರನಗರದಲ್ಲಿ ಕೆಲಸಕ್ಕೆ ಸೇರಿದ್ದರೆ, ಅಲ್ಲಿಂದ ಬಿಡಿಸಿಕೊಂಡು ಬರುವಂತೆ ಒತ್ತಾಯಿಸಬೇಡಿ. ಮತ್ತೆ ಜಾಹೀರಾತು ಕೊಡಿ.